ವೇತನ ಅನುಬಂಧ (ಉದ್ಯೋಗ ಪ್ರಸ್ತಾವ ಪತ್ರ)

ವೇತನ ಅನುಬಂಧ ಎಂದರೆ ಸಂಸ್ಥೆಯೊಂದು ಅಭ್ಯರ್ಥಿಗೆ ಕೆಲಸ ಕೊಡುವುದಾಗಿ ತಿಳಿಸುವ ಪತ್ರದ, ಅಂದರೆ ಆಫರ್ ಲೆಟರಿನ, ಕೊನೆಯಲ್ಲಿ ಲಗತ್ತಿಸುವ ಸಂಬಳದ ವಿವರಪಟ್ಟಿ. ಪತ್ರದ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಒಂದೇ ಒಂದು ವಾರ್ಷಿಕ ಮೊತ್ತವಿರುತ್ತದೆ. ಆ ಮೊತ್ತ ಯಾವ ಯಾವ ಬಾಬುಗಳಿಂದ ಕೂಡಿದೆ, ಪ್ರತಿಯೊಂದು ಬಾಬು ಯಾವಾಗ ಕೈಸೇರುತ್ತದೆ, ಯಾವ ಸಂದರ್ಭದಲ್ಲಿ ಸೇರುವುದಿಲ್ಲ ಎಂಬುದು ಅನುಬಂಧದಲ್ಲಿಯೂ ಅದರ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾದ ಷರತ್ತುಗಳಲ್ಲಿಯೂ ಇರುತ್ತದೆ. ಅನುಬಂಧದ ಬಾಬುಗಳನ್ನು ಮೂರು ವರ್ಗಗಳಾಗಿ ಬೇರ್ಪಡಿಸಬಹುದು: ಪ್ರತಿ ತಿಂಗಳೂ ತಪ್ಪದೆ ಸಲ್ಲುವ ನಿಶ್ಚಿತ ಭಾಗ, ಸಾಧನೆ ಅಥವಾ ಕಂಪನಿಯ ಫಲಿತಾಂಶಕ್ಕೆ ತಕ್ಕಂತೆ ಏರಿಳಿಯುವ ಬದಲಾಗುವ ಭಾಗ, ಮತ್ತು ಒಂದು ನಿರ್ದಿಷ್ಟ ಘಟನೆ ನಡೆದರೆ ಮಾತ್ರ ಸಲ್ಲುವ ಅಥವಾ ನಡೆಯದಿದ್ದರೆ ಹಿಂದಿರುಗಿಸಬೇಕಾದ ಷರತ್ತುಬದ್ಧ ಭಾಗ. ಅನುಬಂಧವು ಈ ವರ್ಗಗಳನ್ನು ತಾನಾಗಿ ಹೇಳುವುದು ಅಪರೂಪ. ಮೂರನ್ನೂ ಒಂದೇ ಕಂಬಸಾಲಿನಲ್ಲಿ ಬರೆದು ಕೆಳಗೆ ಒಟ್ಟು ಕೂಡಿಸುವುದೇ ರೂಢಿ.

## ಒಟ್ಟು ಮೊತ್ತದ ಅರ್ಥ

ಮೊದಲ ಪುಟದ ಮೊತ್ತವನ್ನು ಸಿಟಿಸಿ ಎಂದು ಕರೆಯುತ್ತಾರೆ. ಒಬ್ಬ ನೌಕರನಿಗಾಗಿ ಕಂಪನಿಯು ವರ್ಷವೊಂದರಲ್ಲಿ ಮಾಡಬಹುದಾದ ವೆಚ್ಚ ಎಂಬುದು ಅದರ ಅರ್ಥ. ಇದು ಕಾನೂನಿನಲ್ಲಿ ವ್ಯಾಖ್ಯಾನಿಸಿದ ಪದವಲ್ಲ. ಆದ್ದರಿಂದ ಯಾವ ಬಾಬನ್ನು ಇದರೊಳಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಯಾ ಕಂಪನಿಯೇ ತೀರ್ಮಾನಿಸುತ್ತದೆ. ಒಂದು ಕಂಪನಿ ಆರೋಗ್ಯ ವಿಮೆಯ ಕಂತನ್ನು ಸಿಟಿಸಿಯೊಳಗೆ ಸೇರಿಸಿದರೆ, ಇನ್ನೊಂದು ಅದನ್ನು ಹೊರಗಿಟ್ಟು ಬೇರೆಯಾಗಿ ಕೊಡುತ್ತದೆ. ಹೀಗಾಗಿ ಎರಡು ಪತ್ರಗಳ ಸಿಟಿಸಿಗಳನ್ನು ನೇರವಾಗಿ ಹೋಲಿಸುವುದು, ಒಂದನ್ನು ಸೇರಿನಲ್ಲಿಯೂ ಇನ್ನೊಂದನ್ನು ಕಿಲೋದಲ್ಲಿಯೂ ಅಳೆದು ಹೋಲಿಸಿದಂತೆ.

ಮೊತ್ತವನ್ನು 12ರಿಂದ ಭಾಗಿಸಿ ತಿಂಗಳ ಸಂಬಳ ತಿಳಿಯುವುದು ಬೆಂಗಳೂರಿನ ಕಾಲೇಜು ಕ್ಯಾಂಪಸ್‌ಗಳಲ್ಲಿಯೂ ಮನೆಗಳಲ್ಲಿಯೂ ಸಾಮಾನ್ಯವಾದ ಲೆಕ್ಕ. ‘ಹನ್ನೆರಡು ಲಕ್ಷದ ಪ್ಯಾಕೇಜು, ತಿಂಗಳಿಗೆ ಒಂದು ಲಕ್ಷ’ ಎಂಬ ಈ ಲೆಕ್ಕ ಎಷ್ಟು ತಪ್ಪಬಹುದು ಎಂಬುದನ್ನು ಮುಂದಿನ ಉದಾಹರಣೆ ತೋರಿಸುತ್ತದೆ.

## ಉದಾಹರಣೆ: ತಿಲಕ್ ನಗರದ ಬಾಡಿಗೆ ಮನೆ ಮತ್ತು ಒಂದು ಅನುಬಂಧ

ಈ ಉದಾಹರಣೆ ಕಲ್ಪಿತ. ಹೊರ ಜಿಲ್ಲೆಯಿಂದ ಬಂದ ಹೊಸ ಪದವೀಧರೆಯೊಬ್ಬಳಿಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಿಂದ 12,00,000 ರೂಪಾಯಿ ಸಿಟಿಸಿಯ ಪತ್ರ ಬಂದಿದೆ. ಅಕ್ಟೋಬರ್ 1ರಂದು ಕೆಲಸಕ್ಕೆ ಸೇರಬೇಕು. ಜಯನಗರಕ್ಕೆ ಹೊಂದಿಕೊಂಡಿರುವ ತಿಲಕ್ ನಗರದಲ್ಲಿ ಮನೆ ಹಿಡಿಯುವುದು ಆಕೆಯ ಯೋಚನೆ. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೋದ ಹಳದಿ ಮಾರ್ಗ ತೆರೆದ ಬಳಿಕ, ಸಮೀಪದ ಜಯದೇವ ಆಸ್ಪತ್ರೆ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ನೇರ ರೈಲು ಇದೆ. ಮನೆಯ ಬಾಡಿಗೆ ತಿಂಗಳಿಗೆ 16,000 ರೂಪಾಯಿ, ಮುಂಗಡ ಆರು ತಿಂಗಳದ್ದು, ಅಂದರೆ 96,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಪತ್ರದ ಅನುಬಂಧ ಹೀಗಿದೆ:

| ಬಾಬು | ತಿಂಗಳಿಗೆ (ರೂ.) | ವರ್ಷಕ್ಕೆ (ರೂ.) |
|---|---|---|
| ಮೂಲ ವೇತನ | 40,000 | 4,80,000 |
| ಮನೆ ಬಾಡಿಗೆ ಭತ್ಯೆ | 16,000 | 1,92,000 |
| ವಿಶೇಷ ಭತ್ಯೆ | 9,000 | 1,08,000 |
| ಭವಿಷ್ಯ ನಿಧಿಗೆ ಕಂಪನಿಯ ವಂತಿಗೆ | 1,800 | 21,600 |
| ಗ್ರಾಚ್ಯುಟಿ | – | 23,088 |
| ಗುಂಪು ಆರೋಗ್ಯ ವಿಮೆಯ ಕಂತು | – | 15,312 |
| ಸಾಧನೆ ಆಧಾರಿತ ವೇತನ | – | 1,20,000 |
| ಸೇರ್ಪಡೆ ಬೋನಸ್ | – | 1,00,000 |
| ಉಳಿಕೆ ಬೋನಸ್ | – | 1,40,000 |
| ಒಟ್ಟು | | 12,00,000 |

ತಿಂಗಳ ಕಂಬಸಾಲಿನಲ್ಲಿ ಅಂಕಿ ಇಲ್ಲದ ಸಾಲುಗಳೇ ಮೊದಲ ಸುಳಿವು. ಒಂಬತ್ತು ಬಾಬುಗಳಲ್ಲಿ ಐದಕ್ಕೆ ತಿಂಗಳ ಮೊತ್ತವಿಲ್ಲ. ತಿಂಗಳ ಮೊತ್ತವಿರುವ ನಾಲ್ಕರಲ್ಲಿಯೂ ಒಂದು ಬ್ಯಾಂಕ್ ಖಾತೆಗೆ ಬರುವುದಿಲ್ಲ.

## ನಿಶ್ಚಿತ ಭಾಗ

ಮೂಲ ವೇತನ, ಮನೆ ಬಾಡಿಗೆ ಭತ್ಯೆ ಮತ್ತು ವಿಶೇಷ ಭತ್ಯೆ ಮೂರೂ ಸೇರಿ ತಿಂಗಳಿಗೆ 65,000 ರೂಪಾಯಿ. ಕೆಲಸ ಮಾಡಿದ ತಿಂಗಳಿಗೆ ಈ ಹಣ ಸಲ್ಲಲೇಬೇಕು. ಯಾರ ವಿವೇಚನೆಯೂ ಇದರಲ್ಲಿಲ್ಲ. ಮೂರಾಗಿ ಒಡೆದಿರುವುದು ತೆರಿಗೆ ಮತ್ತು ಶಾಸನಬದ್ಧ ವಂತಿಗೆಗಳ ಲೆಕ್ಕಕ್ಕಾಗಿ. ವಿಶೇಷ ಭತ್ಯೆಯಲ್ಲಿ ಹೆಸರಿಗೆ ತಕ್ಕ ವಿಶೇಷವೇನೂ ಇಲ್ಲ. ಉಳಿದ ಬಾಬುಗಳನ್ನು ತುಂಬಿದ ಮೇಲೆ ಮಿಕ್ಕ ಮೊತ್ತವನ್ನು ಸರಿದೂಗಿಸಲು ಬಳಸುವ ಸಾಲು ಅದು.

ಈ 65,000ದಿಂದ ಕೆಲವು ಕಡಿತಗಳಾಗುತ್ತವೆ. ಭವಿಷ್ಯ ನಿಧಿಗೆ ನೌಕರಳ ಪಾಲು ಶೇ. 12. ಶಾಸನಬದ್ಧ ವೇತನ ಮಿತಿಯಾದ 15,000 ರೂಪಾಯಿಯ ಮೇಲೆ ಲೆಕ್ಕ ಹಾಕಿದರೆ ಅದು 1,800 ರೂಪಾಯಿ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿ ಅಥವಾ ಹೆಚ್ಚು ಇದ್ದವರು ವೃತ್ತಿ ತೆರಿಗೆಯಾಗಿ 200 ರೂಪಾಯಿ ತೆರಬೇಕು. 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ಮಾತ್ರ ಅದು 300 ರೂಪಾಯಿ. 2025–26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಈ ಉದಾಹರಣೆಯಲ್ಲಿ ಆದಾಯ ತೆರಿಗೆ ಬರುವುದಿಲ್ಲ. ಕೈಗೆ ಬರುವುದು ತಿಂಗಳಿಗೆ 63,000 ರೂಪಾಯಿ. ಒಂದು ಲಕ್ಷವೆಂದು ಎಣಿಸಿದ್ದಕ್ಕಿಂತ 37,000 ಕಡಿಮೆ. ಮನೆ ಬಾಡಿಗೆ, ಊಟ, ಊರಿಗೆ ಕಳಿಸುವ ಹಣ, ಶಿಕ್ಷಣ ಸಾಲದ ಕಂತು ಎಲ್ಲವನ್ನೂ ಅಳೆಯಬೇಕಾದದ್ದು ಈ ಅಂಕಿಯ ಮೇಲೆಯೇ.

ಭವಿಷ್ಯ ನಿಧಿಯ ಸಾಲನ್ನು ಓದುವಾಗ ಲೆಕ್ಕದ ಆಧಾರ ಯಾವುದೆಂದು ಗಮನಿಸಬೇಕು. ಕೆಲವು ಕಂಪನಿಗಳು 15,000ದ ಮಿತಿಗೆ ಬದಲಾಗಿ ಪೂರ್ಣ ಮೂಲ ವೇತನದ ಮೇಲೆ ಶೇ. 12 ಲೆಕ್ಕ ಹಾಕುತ್ತವೆ. ಈ ಉದಾಹರಣೆಯಲ್ಲಿ ಹಾಗೆ ಮಾಡಿದ್ದರೆ ಎರಡೂ ಪಾಲುಗಳು ತಲಾ 4,800 ರೂಪಾಯಿ ಆಗುತ್ತಿದ್ದವು. ಸಿಟಿಸಿ 12 ಲಕ್ಷದಲ್ಲಿಯೇ ನಿಂತಿರುವುದರಿಂದ ಕಂಪನಿಯ ಪಾಲಿನಲ್ಲಿ ಹೆಚ್ಚಾದ 3,000 ರೂಪಾಯಿ ವಿಶೇಷ ಭತ್ಯೆಯಿಂದ ಇಳಿಯುತ್ತಿತ್ತು. ನೌಕರಳ ಪಾಲಿನಲ್ಲಿ ಹೆಚ್ಚಾದ 3,000 ಸಂಬಳದಿಂದ ಕಡಿತವಾಗುತ್ತಿತ್ತು. ಕೈಗೆ ಬರುವ ಹಣ 57,000ಕ್ಕೆ ಇಳಿಯುತ್ತಿತ್ತು. ಇದು ನಷ್ಟವಲ್ಲ, ಹಣ ಆಕೆಯ ನಿಧಿಯಲ್ಲಿಯೇ ಬಡ್ಡಿಯೊಡನೆ ಬೆಳೆಯುತ್ತದೆ. ಆದರೆ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲ. ‘ಕಂಪನಿಯ ವಂತಿಗೆ’ ಎಂಬ ಮಾತು ಕಂಪನಿಯು ಮೇಲಿಂದ ಕೊಡುವ ಹಣವೆಂಬ ಭಾವನೆ ಹುಟ್ಟಿಸುತ್ತದೆ. ಅದು ಸಿಟಿಸಿಯೊಳಗೆ ಇರುವಾಗ ಎರಡೂ ಪಾಲುಗಳು ಹೊರಡುವುದು ಒಂದೇ ಚೀಲದಿಂದ.

## ನಿಶ್ಚಿತವಾಗಿ ಕಾಣುವ ಬಾಬುಗಳು

ಗ್ರಾಚ್ಯುಟಿ ಮತ್ತು ವಿಮೆಯ ಕಂತುಗಳನ್ನು ಹಲವು ಅನುಬಂಧಗಳು ‘ನಿಶ್ಚಿತ ವೇತನ’ ಎಂಬ ತಲೆಬರಹದಡಿ ತೋರಿಸುತ್ತವೆ. ಕಂಪನಿಯ ದೃಷ್ಟಿಯಿಂದ ಇವು ನಿಶ್ಚಿತ ವೆಚ್ಚಗಳಿರಬಹುದು. ಪಡೆಯುವವರ ದೃಷ್ಟಿಯಿಂದ ಗ್ರಾಚ್ಯುಟಿ ಷರತ್ತುಬದ್ಧ.

ಕಾನೂನಿನಂತೆ, ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಸೇವೆಯ ಒಂದು ವರ್ಷದ ಗ್ರಾಚ್ಯುಟಿ ಸಿಗುತ್ತದೆ. 40,000ಕ್ಕೆ ಇದು ಸುಮಾರು 23,077 ರೂಪಾಯಿ. ಅನುಬಂಧಗಳಲ್ಲಿ ಮೂಲ ವೇತನದ ಶೇ. 4.81 ಎಂದು ಬರೆಯುವುದು ಇದೇ ಲೆಕ್ಕದ ಸಂಕ್ಷೇಪ. ಉದಾಹರಣೆಯ 23,088 ಬಂದದ್ದು ಹಾಗೆ. ಸಾವು ಅಥವಾ ಅಂಗವೈಕಲ್ಯದ ಸಂದರ್ಭ ಬಿಟ್ಟರೆ, ಐದು ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ ಮಾತ್ರ ಇದು ದೊರೆಯುತ್ತದೆ. ಮೂರನೆಯ ವರ್ಷದಲ್ಲಿ ಕೆಲಸ ಬದಲಿಸುವವರ ಸಿಟಿಸಿಯಲ್ಲಿ ಮೂರು ವರ್ಷವೂ ಈ ಸಾಲು ಮುದ್ರಿತವಾಗಿರುತ್ತದೆ, ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇಲ್ಲಿ ಎರಡು ಬದಲಾವಣೆಗಳನ್ನು ತಂದಿವೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ನೇಮಕವಾದವರಿಗೆ ಒಂದು ವರ್ಷದ ಸೇವೆಯ ಬಳಿಕವೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಎರಡನೆಯದಾಗಿ, ವೇತನವೆಂದರೆ ಏನು ಎಂಬ ವ್ಯಾಖ್ಯೆ ಬದಲಾಗಿದೆ: ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾಗಿ ವೇತನದಿಂದ ಹೊರಗಿಡಲಾದ ಬಾಬುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ. ಮೂಲ ವೇತನವನ್ನು ಬಹಳ ಚಿಕ್ಕದಾಗಿ ಇಟ್ಟು ಭತ್ಯೆಗಳನ್ನು ಉಬ್ಬಿಸಿದ ಹಳೆಯ ಮಾದರಿಯ ಅನುಬಂಧ ಈಗಲೂ ಕೈಗೆ ಬಂದರೆ, ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಲಾಗಿದೆ ಎಂದು ಲಿಖಿತವಾಗಿ ಕೇಳಬೇಕಾದ ಕಾರಣ ಇದು.

ವಿಮೆಯ ಕಂತಿನ ವಿಷಯ ಇಷ್ಟು ಜಟಿಲವಲ್ಲ. ರಕ್ಷಣೆ ನಿಜವಾದದ್ದು, ಹಣವಾಗಿ ಸಿಗುವಂಥದ್ದಲ್ಲ. ಕೆಲಸ ಬಿಟ್ಟ ದಿನವೇ ಸಾಮಾನ್ಯವಾಗಿ ಅದು ಮುಗಿಯುತ್ತದೆ.

## ಬದಲಾಗುವ ಭಾಗ

ಸಾಧನೆ ಆಧಾರಿತ ವೇತನದ ಸಾಲಿನಲ್ಲಿ ಮುದ್ರಿತವಾಗಿರುವ 1,20,000 ರೂಪಾಯಿ ಒಂದು ಗುರಿ ಮೊತ್ತ. ಎಲ್ಲ ಮಾನದಂಡಗಳೂ ಶೇ. 100ರಷ್ಟು ಈಡೇರಿದರೆ ಸಲ್ಲುವ ಹಣ ಅದು. ‘ಗುರಿ’, ‘ವರೆಗೆ’, ‘ಅರ್ಹತೆಗೆ ಒಳಪಟ್ಟು’ ಎಂಬ ಪದಗಳು ಸಾಲಿನ ಪಕ್ಕದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ಇದ್ದೇ ಇರುತ್ತವೆ. ಈ ಸಾಲನ್ನು ಓದುವವರು ಮೂರು ಸಂಗತಿಗಳನ್ನು ಹುಡುಕಬೇಕು: ಸೂತ್ರ, ಅವಧಿ ಮತ್ತು ಪಾವತಿಯ ದಿನ.

ಸೂತ್ರವು ಹೆಚ್ಚಾಗಿ ಎರಡು ಅಂಶಗಳ ಗುಣಲಬ್ಧವಾಗಿರುತ್ತದೆ. ಒಂದು ಕಂಪನಿಯ ಫಲಿತಾಂಶದ್ದು, ಇನ್ನೊಂದು ವ್ಯಕ್ತಿಯ ಮೌಲ್ಯಮಾಪನದ್ದು. ಕಂಪನಿಯ ಅಂಶ ಶೇ. 80, ವ್ಯಕ್ತಿಯ ಅಂಶ ಶೇ. 90 ಎಂದಾದರೆ ಸಲ್ಲುವುದು ಗುರಿಯ ಶೇ. 72. ಎರಡೂ ಅಂಕಿಗಳನ್ನು ಬಿಡಿಯಾಗಿ ನೋಡಿದಾಗ ಕೆಟ್ಟದಾಗಿ ಕಾಣುವುದಿಲ್ಲ. ಗುಣಿಸಿದಾಗ ಕಾಲುಭಾಗಕ್ಕಿಂತ ಹೆಚ್ಚು ಹಣ ಹೋಗಿರುತ್ತದೆ. ಕಂಪನಿಯ ಫಲಿತಾಂಶ ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದರೆ ಇಡೀ ಮೊತ್ತ ಶೂನ್ಯವಾಗುವ ಷರತ್ತೂ ಕೆಲವೆಡೆ ಇರುತ್ತದೆ. ಹೊಸದಾಗಿ ಸೇರಿದವರು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕಂಪನಿಯ ಅಂಶ ಅವರ ಕೈಯಲ್ಲಿ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. 2022ರ ಆಗಸ್ಟ್‌ನಲ್ಲಿ, ಲಾಭಾಂಶದ ಮೇಲಿನ ಒತ್ತಡದ ಕಾರಣದಿಂದ ಇನ್ಫೋಸಿಸ್ ಏಪ್ರಿಲ್–ಜೂನ್ ತ್ರೈಮಾಸಿಕದ ಬದಲಾಗುವ ವೇತನವನ್ನು ಸರಾಸರಿ ಶೇ. 70ರಷ್ಟಕ್ಕೆ ಇಳಿಸಿತೆಂದೂ, ವಿಪ್ರೋ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಅದನ್ನು ತಡೆಹಿಡಿಯಿತೆಂದೂ ವರದಿಯಾಗಿತ್ತು. ಎರಡೂ ದೊಡ್ಡ ಸಂಸ್ಥೆಗಳೇ. ತಿಂಗಳ ಸಂಬಳ ಯಾರಿಗೂ ತಪ್ಪಲಿಲ್ಲ. ನಿಶ್ಚಿತ ಭಾಗಕ್ಕೂ ಬದಲಾಗುವ ಭಾಗಕ್ಕೂ ಇರುವ ಅಂತರ ಇಂಥ ತ್ರೈಮಾಸಿಕಗಳಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಅವಧಿಯ ಪ್ರಶ್ನೆ ಸೇರುವ ದಿನಾಂಕಕ್ಕೆ ಸಂಬಂಧಿಸಿದ್ದು. ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿದ್ದರೆ ಅಕ್ಟೋಬರ್ 1ರಂದು ಸೇರಿದವಳಿಗೆ ಮೊದಲ ಆವರ್ತದಲ್ಲಿ ಆರು ತಿಂಗಳ ಪಾಲು ಮಾತ್ರ, ಅಂದರೆ 60,000 ರೂಪಾಯಿಯ ಗುರಿ. ಮೇಲಿನ ಶೇ. 72ರಂತೆ ಕೈಗೆ ಬರುವುದು 43,200 ರೂಪಾಯಿ. ಒಂದು ನಿರ್ದಿಷ್ಟ ದಿನದ ಬಳಿಕ ಸೇರಿದವರನ್ನು ಆ ವರ್ಷದ ಆವರ್ತದಿಂದಲೇ ಹೊರಗಿಡುವ ಷರತ್ತೂ ಉಂಟು. ಅಂಥ ಪತ್ರದಲ್ಲಿ ಸೇರುವ ದಿನ ಒಂದು ವಾರ ಮುಂದೆ ಹೋದರೆ ಅರ್ಧ ವರ್ಷದ ಹಣವೇ ಹೋಗಬಹುದು.

ಪಾವತಿಯ ದಿನದ ಷರತ್ತು ಹೆಚ್ಚು ಜನರನ್ನು ಎಡವಿಸುತ್ತದೆ. ‘ಪಾವತಿಯ ದಿನದಂದು ನೌಕರರ ಪಟ್ಟಿಯಲ್ಲಿ ಇರಬೇಕು ಮತ್ತು ನೋಟಿಸ್ ಅವಧಿಯಲ್ಲಿ ಇರಬಾರದು’ ಎಂಬುದು ಅದರ ಸಾಮಾನ್ಯ ರೂಪ. ಮಾರ್ಚ್‌ಗೆ ಮುಗಿದ ಅವಧಿಯ ಹಣ ಜೂನ್ ಕೊನೆಗೆ ಬರುತ್ತದೆ ಎನ್ನೋಣ. ಜೂನ್ ಮಧ್ಯದಲ್ಲಿ ರಾಜೀನಾಮೆ ಕೊಟ್ಟವಳು, ಆರು ತಿಂಗಳೂ ದುಡಿದಿದ್ದರೂ, ಆ ಹಣವನ್ನು ಕಳೆದುಕೊಳ್ಳುತ್ತಾಳೆ. ‘ಕಂಪನಿಯ ಸಂಪೂರ್ಣ ವಿವೇಚನೆಗೆ ಒಳಪಟ್ಟು’ ಎಂಬ ಮಾತೂ ಜೊತೆಗಿದ್ದರೆ ಆ ಸಾಲನ್ನು ಮನೆಯ ಖರ್ಚಿನ ಲೆಕ್ಕಕ್ಕೆ ತರದಿರುವುದೇ ಒಳಿತು.

## ಷರತ್ತುಬದ್ಧ ಭಾಗ

### ಸೇರ್ಪಡೆ ಬೋನಸ್

ಸೇರ್ಪಡೆ ಬೋನಸ್ ಮೊದಲ ಅಥವಾ ಎರಡನೆಯ ತಿಂಗಳ ಸಂಬಳದೊಂದಿಗೆ ಖಾತೆಗೆ ಬರುತ್ತದೆ. ಬಂದ ಹಣ ತನ್ನದಾಯಿತೆಂದು ತೋರುವುದು ಸಹಜ. ಅನುಬಂಧದ ಅಡಿಯಲ್ಲಿರುವ ಮರುವಸೂಲಿ ಷರತ್ತು ಅದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ: ನಿಗದಿತ ಅವಧಿಗೆ ಮುನ್ನ ಕೆಲಸ ಬಿಟ್ಟರೆ ಹಣವನ್ನು ಹಿಂದಿರುಗಿಸಬೇಕು. ಆ ಅವಧಿ ಮುಗಿಯುವವರೆಗೆ ಇದು ನೌಕರಳ ಕೈಯಲ್ಲಿರುವ ಸಾಲದಂತೆಯೇ ವರ್ತಿಸುತ್ತದೆ.

ತಿಲಕ್ ನಗರದ ಮನೆಯ ಮುಂಗಡ 96,000 ರೂಪಾಯಿ. ಸೇರ್ಪಡೆ ಬೋನಸ್ 1,00,000. ಎರಡೂ ಒಂದಕ್ಕೊಂದು ಸರಿಹೊಂದುವಂತೆ ಕಾಣುತ್ತವೆ, ಬೋನಸ್ ಹಣ ನೇರವಾಗಿ ಮನೆಯ ಮಾಲೀಕರ ಕೈಸೇರುತ್ತದೆ. ಹನ್ನೊಂದನೆಯ ತಿಂಗಳಲ್ಲಿ ಕೆಲಸ ಬಿಡಬೇಕಾಗಿ ಬಂದರೆ ಕಂಪನಿ ಒಂದು ಲಕ್ಷ ಕೇಳುತ್ತದೆ, ಹಣವೋ ಮನೆ ಖಾಲಿ ಮಾಡುವವರೆಗೆ ಮಾಲೀಕರ ಬಳಿ ಇರುತ್ತದೆ. ಬಣ್ಣ ಬಳಿಸಲೆಂದು ಅವರು ಒಂದಿಷ್ಟು ಹಿಡಿದುಕೊಳ್ಳುವುದು ಬೇರೆ.

ಮರುವಸೂಲಿಯ ಷರತ್ತಿನಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. ‘12 ತಿಂಗಳೊಳಗೆ ಬಿಟ್ಟರೆ ಪೂರ್ಣ ಮೊತ್ತ’ ಎಂದಿದ್ದರೆ ಹನ್ನೊಂದು ತಿಂಗಳು ದುಡಿದವಳೂ 1,00,000 ಹಿಂದಿರುಗಿಸಬೇಕು. ‘ಉಳಿದ ತಿಂಗಳುಗಳ ಪ್ರಮಾಣದಲ್ಲಿ’ ಎಂದಿದ್ದರೆ ಅದೇ ಸಂದರ್ಭದಲ್ಲಿ ಕೊಡಬೇಕಾದದ್ದು 8,333 ರೂಪಾಯಿ. ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಒಂದು ತಿದ್ದುಪಡಿಯನ್ನು ಕೇಳುವುದು, ಸಿಟಿಸಿಯನ್ನು ಹತ್ತು ಸಾವಿರ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಹೆಚ್ಚು ಉಪಯುಕ್ತವಾಗಬಹುದು.

ಎಣಿಕೆ ಯಾವ ದಿನದಿಂದ ಎಂಬುದು ಇನ್ನೊಂದು ಪ್ರಶ್ನೆ. ಸೇರಿದ ದಿನದಿಂದ ಎಂದಿದ್ದರೆ ಸರಿ. ಬೋನಸ್ ಪಾವತಿಯಾದ ದಿನದಿಂದ ಎಂದಿದ್ದು, ಪಾವತಿ ಮೂರು ತಿಂಗಳ ಬಳಿಕ ಆದರೆ, ಹನ್ನೆರಡು ತಿಂಗಳೆಂದದ್ದು ಹದಿನೈದಾಗುತ್ತದೆ. ‘ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ’ ಎಂಬ ಒಕ್ಕಣೆಯಿದ್ದರೆ, ಸಿಬ್ಬಂದಿ ಕಡಿತದಲ್ಲಿ ಕಂಪನಿಯೇ ತೆಗೆದುಹಾಕಿದಾಗಲೂ ಬೋನಸ್ ಹಿಂದೆ ಕೇಳಲು ಅವಕಾಶ ಉಳಿಯುತ್ತದೆ. ‘ನೌಕರರು ಸ್ವಇಚ್ಛೆಯಿಂದ ರಾಜೀನಾಮೆ ನೀಡಿದರೆ’ ಎಂಬ ಒಕ್ಕಣೆ ಆ ಬಾಗಿಲನ್ನು ಮುಚ್ಚುತ್ತದೆ. ಹೆಚ್ಚಿನ ಸಂಬಳದವರ ವಿಷಯದಲ್ಲಿ ತೆರಿಗೆಯೂ ಅಡ್ಡ ಬರುತ್ತದೆ. ಕಂಪನಿ ಬೋನಸ್ಸಿನಿಂದ ಆದಾಯ ತೆರಿಗೆ ಕಡಿದು ಉಳಿದದ್ದನ್ನು ಕೊಟ್ಟಿರುತ್ತದೆ. ಮರುವಸೂಲಿ ಮಾತ್ರ ತೆರಿಗೆಗೆ ಮುನ್ನಿನ ಮೊತ್ತದ ಮೇಲೆ ಎಂದು ಬರೆದಿರುತ್ತದೆ. ಆಗ ಕೈಗೆ ಬಂದದ್ದಕ್ಕಿಂತ ಹೆಚ್ಚು ಹಣ ಕೊಡಬೇಕಾಗುತ್ತದೆ.

### ಉಳಿಕೆ ಬೋನಸ್

ಉಳಿಕೆ ಬೋನಸ್‌ನ ದಿಕ್ಕು ಇದಕ್ಕೆ ವಿರುದ್ಧ. ಮೊದಲು ಸೇವೆ, ಬಳಿಕ ಹಣ. ಉದಾಹರಣೆಯ ಅನುಬಂಧದಲ್ಲಿ 1,40,000 ರೂಪಾಯಿ ‘12 ತಿಂಗಳು ಪೂರೈಸಿದ ನಂತರದ ತಿಂಗಳ ವೇತನದೊಂದಿಗೆ’ ಸಲ್ಲುತ್ತದೆ ಎಂದಿದೆ. ಅಂದರೆ ಅದು ಹದಿಮೂರನೆಯ ತಿಂಗಳ ಹಣ. ಮೊದಲ ವರ್ಷದ ಸಿಟಿಸಿಯಲ್ಲಿ ಎಣಿಸಲಾಗಿದ್ದರೂ ಮೊದಲ ವರ್ಷದಲ್ಲಿ ಅದು ಬರುವುದೇ ಇಲ್ಲ.

ಸೇರ್ಪಡೆ ಮತ್ತು ಉಳಿಕೆ ಬೋನಸ್‌ಗಳು ಒಂದೇ ಬಾರಿ ಸಲ್ಲುವಂಥವು. ಎರಡನ್ನೂ ತೆಗೆದರೆ ಎರಡನೆಯ ವರ್ಷದ ಸಿಟಿಸಿ 9,60,000ಕ್ಕೆ ನಿಲ್ಲುತ್ತದೆ. ವೇತನ ಏರಿಕೆಯನ್ನು ಸಾಮಾನ್ಯವಾಗಿ ನಿಶ್ಚಿತವೆಂದು ತೋರಿಸಿದ ಭಾಗದ ಮೇಲೆ, ಇಲ್ಲಿ 8,40,000ದ ಮೇಲೆ, ಲೆಕ್ಕ ಹಾಕುತ್ತಾರೆ. ಶೇ. 10ರ ಏರಿಕೆ ಸಿಕ್ಕರೂ ಸೇರುವುದು 84,000, ಹೋದದ್ದು 2,40,000. ಒಳ್ಳೆಯ ಏರಿಕೆ ಪಡೆದ ವರ್ಷದಲ್ಲಿಯೇ ಪ್ಯಾಕೇಜು ಇಳಿದಂತೆ ಕಾಣುವುದರ ರಹಸ್ಯ ಇದು. ಕಂಪನಿಯ ಷೇರುಗಳನ್ನು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೊಡುವ ಅನುಬಂಧಗಳನ್ನೂ ಇದೇ ಬಗೆಯಲ್ಲಿ ಓದಬೇಕು. ಜೊತೆಗೆ, ಷೇರು ಮಾರುಕಟ್ಟೆಯಲ್ಲಿ ನೋಂದಣಿಯಾಗದ ಕಂಪನಿಯ ಷೇರಿಗೆ ಪತ್ರದಲ್ಲಿ ಬರೆದ ಬೆಲೆಯಲ್ಲಿ ಕೊಳ್ಳುವವರು ಇರುತ್ತಾರೆಂಬ ಭರವಸೆಯಿಲ್ಲ.

## ಹನ್ನೊಂದನೆಯ ತಿಂಗಳಲ್ಲಿ ಬಿಟ್ಟರೆ

ಬಾಬುಗಳ ನಿಜವಾದ ವರ್ಗ ತಿಳಿಯುವುದು ಕೆಲಸ ಬಿಡುವ ದಿನವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದಾಗ. ಉದಾಹರಣೆಯ ಪದವೀಧರೆ ಜೂನ್ ಕೊನೆಯಲ್ಲಿ ಸಾಧನೆಯ ಹಣ ಪಡೆದು, ಜುಲೈ ಆರಂಭದಲ್ಲಿ ರಾಜೀನಾಮೆ ಕೊಟ್ಟು, ಎರಡು ತಿಂಗಳ ನೋಟಿಸ್ ಮುಗಿಸಿ ಆಗಸ್ಟ್ 31ಕ್ಕೆ ಹೊರಟಳೆನ್ನೋಣ. ಹನ್ನೊಂದು ತಿಂಗಳ ಸಂಬಳ ಕಡಿತಗಳಿಗೆ ಮುನ್ನ 7,15,000 ರೂಪಾಯಿ. ಸಾಧನೆಯ ಹಣ 43,200. ಸೇರ್ಪಡೆ ಬೋನಸ್ ಬಂದು ಹೋಯಿತು. ಉಳಿಕೆ ಬೋನಸ್ ಇಲ್ಲ, ಗ್ರಾಚ್ಯುಟಿ ಇಲ್ಲ. ಒಟ್ಟು 7,58,200. ಭವಿಷ್ಯ ನಿಧಿಯಲ್ಲಿ ಕಂಪನಿಯ ಪಾಲಾದ 19,800 ಆಕೆಯ ಹೆಸರಿನಲ್ಲಿ ಉಳಿಯುತ್ತದೆ. ಸಿಟಿಸಿಯನ್ನು ತಿಂಗಳಿಗೆ ಒಂದು ಲಕ್ಷವೆಂದು ಎಣಿಸಿದ್ದರೆ ಇದೇ ಅವಧಿಗೆ 11,00,000 ನಿರೀಕ್ಷಿಸಬೇಕಾಗಿತ್ತು. ಆಕೆ ಇನ್ನೊಂದು ತಿಂಗಳು ನಿಂತಿದ್ದರೆ, ಆ ತಿಂಗಳ ಸಂಬಳವಲ್ಲದೆ, ಒಂದು ಲಕ್ಷ ಉಳಿಯುತ್ತಿತ್ತು.

ಮರುವಸೂಲಿಯ ಹಣವನ್ನು ಕಂಪನಿಗಳು ಸಾಮಾನ್ಯವಾಗಿ ಅಂತಿಮ ಲೆಕ್ಕ ಚುಕ್ತಾ ಮಾಡುವಾಗ ಕೊನೆಯ ಸಂಬಳದಲ್ಲಿ ಮುರಿದುಕೊಂಡು, ಸಾಲದೆ ಬಂದದ್ದನ್ನು ಕಟ್ಟುವಂತೆ ಪತ್ರ ಬರೆಯುತ್ತವೆ. ನೋಟಿಸ್ ಅವಧಿಯನ್ನು ಪೂರ್ತಿ ಮಾಡದಿದ್ದರೆ ಅದರ ಬಾಬ್ತು ಕಡಿತವೂ ಇದಕ್ಕೆ ಸೇರುತ್ತದೆ. ಆ ಕಡಿತ ಮೂಲ ವೇತನದ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದು ಅನುಬಂಧದಲ್ಲಲ್ಲ, ಪತ್ರದ ನೋಟಿಸ್ ಕಲಮಿನಲ್ಲಿ ಇರುತ್ತದೆ.

ಎರಡು ಪತ್ರಗಳು ಕೈಯಲ್ಲಿದ್ದಾಗಲೂ ಹೋಲಿಸಬೇಕಾದದ್ದು ಇದೇ ಬಗೆಯ ಲೆಕ್ಕಗಳನ್ನು. ಸಿಟಿಸಿ 10,20,000 ಎಂದಿರುವ ಇನ್ನೊಂದು ಪತ್ರದಲ್ಲಿ ತಿಂಗಳ ನಿಶ್ಚಿತ ಸಂಬಳ 75,000 ಇದ್ದರೆ, ಹನ್ನೊಂದು ತಿಂಗಳಿಗೆ 8,25,000 ಆಗುತ್ತದೆ. ಮೊದಲ ಪುಟದಲ್ಲಿ ಅದು 1,80,000 ಕಡಿಮೆಯ ಕೆಲಸ, ಖಾತೆಯಲ್ಲಿ ಹೆಚ್ಚಿನದು.

## ಸೇವಾ ಒಪ್ಪಂದದ ಕಲಮು ಮತ್ತು ವಿಜಯಾ ಬ್ಯಾಂಕ್ ಪ್ರಕರಣ

ಕೆಲವು ಪತ್ರಗಳಲ್ಲಿ ಹಿಂದಿರುಗಿಸಬೇಕಾದ ಮೊತ್ತ ಬೋನಸ್ಸಿಗೆ ಸಂಬಂಧಿಸಿರುವುದಿಲ್ಲ. ಇಂತಿಷ್ಟು ವರ್ಷ ಸೇವೆ ಸಲ್ಲಿಸದಿದ್ದರೆ ಇಂತಿಷ್ಟು ಹಣ ತೆರಬೇಕೆಂಬ ಮುಚ್ಚಳಿಕೆ ಮಾತ್ರ ಇರುತ್ತದೆ. ಜನರ ಬಾಯಲ್ಲಿ ಇದು ‘ಬಾಂಡ್’. ಇಂಥ ಕಲಮು ಕಾನೂನಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿದರೂ ತೊಂದರೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಕರ್ನಾಟಕದಿಂದ ಹೊರಟ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಮೇ 14ರಂದು ನೀಡಿದ ತೀರ್ಪು ಆ ನಂಬಿಕೆಗೆ ಆಸರೆ ಕೊಡುವುದಿಲ್ಲ.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ 2007ರಲ್ಲಿ ನೇಮಿಸಿಕೊಂಡ ಅಧಿಕಾರಿಯೊಬ್ಬರ ನೇಮಕಾತಿ ಪತ್ರದಲ್ಲಿ, ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಬೇಕು, ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ತೆರಬೇಕು ಎಂಬ ಕಲಮಿತ್ತು. ಅಧಿಕಾರಿ 2009ರಲ್ಲಿ ಬೇರೊಂದು ಬ್ಯಾಂಕಿಗೆ ಸೇರಲು ರಾಜೀನಾಮೆ ಕೊಟ್ಟು, ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ಕಲಮನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸೇವೆಯಲ್ಲಿರುವ ಅವಧಿಗೆ ಅನ್ವಯಿಸುವ ಇಂಥ ನಿರ್ಬಂಧವು ವೃತ್ತಿ ನಡೆಸುವ ಹಕ್ಕಿಗೆ ತಡೆಯಲ್ಲ, ಆದ್ದರಿಂದ 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನಡಿ ಅನೂರ್ಜಿತವಲ್ಲ ಎಂದಿತು. ಸಾರ್ವಜನಿಕ ಬ್ಯಾಂಕು ಬಹಿರಂಗ ಪ್ರಕಟಣೆ ಹೊರಡಿಸಿ ಮತ್ತೆ ನೇಮಕಾತಿ ನಡೆಸಬೇಕಾಗುವ ವೆಚ್ಚ ಮತ್ತು ಆ ಅಧಿಕಾರಿಯ ಹುದ್ದೆ, ಸಂಬಳಗಳನ್ನು ಗಮನಿಸಿ, 2 ಲಕ್ಷ ಮಿತಿಮೀರಿದ ಮೊತ್ತವಲ್ಲ ಎಂದೂ ಹೇಳಿತು. ತೀರ್ಪು ಬರುವ ಹೊತ್ತಿಗೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆರು ವರ್ಷ ಕಳೆದಿತ್ತು.

ಎಲ್ಲ ಮೊತ್ತಗಳೂ ಎಲ್ಲ ಸಂದರ್ಭಗಳಲ್ಲಿಯೂ ಊರ್ಜಿತ ಎಂದು ಈ ತೀರ್ಪಿನ ಅರ್ಥವಲ್ಲ. ಅದೇ ಕಾಯ್ದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ಹೆಸರಿಸಿದ ಮೊತ್ತವು ಪರಿಹಾರದ ಗರಿಷ್ಠ ಮಿತಿ; ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು. ಎರಡು ವಾರ ತರಬೇತಿ ಕೊಟ್ಟು ಐದು ಲಕ್ಷ ಕೇಳುವ ಖಾಸಗಿ ಕಂಪನಿಯು ಆ ಮೊತ್ತ ಸಮಂಜಸವೆಂದು ತೋರಿಸಬೇಕಾಗುತ್ತದೆ. ಆದರೆ ಆ ವಾದ ನಡೆಯುವುದು ನ್ಯಾಯಾಲಯದಲ್ಲಿ, ವಿಜಯಾ ಬ್ಯಾಂಕ್ ಪ್ರಕರಣದಲ್ಲಾದಂತೆ ವರ್ಷಗಟ್ಟಲೆ. ಆ ನಡುವೆ ಸೇವಾ ಪ್ರಮಾಣಪತ್ರವನ್ನೂ ಕೊನೆಯ ತಿಂಗಳ ಸಂಬಳವನ್ನೂ ಕಂಪನಿ ತಡೆಹಿಡಿದರೆ, ಹೊಸ ಕೆಲಸಕ್ಕೆ ಸೇರಬೇಕಾದವರು ಹಣ ಕಟ್ಟಿ ಮುಗಿಸುವುದೇ ಹೆಚ್ಚು. ಬಾಂಡ್ ಮೊತ್ತವು ಸಿಟಿಸಿಯ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅನುಬಂಧದ ಷರತ್ತುಬದ್ಧ ಸಾಲುಗಳ ಜೊತೆಗೆ ಅದನ್ನೂ ಋಣ ಚಿಹ್ನೆಯೊಂದಿಗೆ ಕೈಯಾರೆ ಬರೆದುಕೊಳ್ಳಬೇಕಾಗುತ್ತದೆ.